ಆಫೀಸು ಸಮಯ ಬದಲಾವಣೆಯ ಸುತ್ತೋಲೆ: ಮಂಗಳೂರಿನ ನಕಲು ಉಪ್ಪಳಕ್ಕೆ ನಡೆಯುವುದಿಲ್ಲ

ಪ್ರಶ್ನೆ: ಪೈಪು, ಪಂಪ್‌ಸೆಟ್ಟು ಹೋಲ್‌ಸೇಲ್ ಮಾಡುವ ಒಂದು ಸಂಸ್ಥೆಯ ಉಪ್ಪಳ ಶಾಖೆಯಲ್ಲಿ ಆಫೀಸು ನೋಡಿಕೊಳ್ಳುವವಳು ನಾನು. ಹೆಡ್ ಆಫೀಸು ಮಂಗಳೂರಿನಲ್ಲಿ. ನಮ್ಮದು ಈಗ 10ರಿಂದ 6, ವಾರಕ್ಕೆ ಆರು ದಿನ, ಊಟಕ್ಕೆ 1ರಿಂದ 2. ಇನ್ನು ಅಲ್ಲಿನ ಹಾಗೆ 8.30ರಿಂದ 5.30, ಶನಿವಾರ 12.30ರವರೆಗೆ ಅಂತ ತೀರ್ಮಾನ ಆಗಿದೆ. ಅವರ ಸುತ್ತೋಲೆಯ ನಕಲು ಕಳಿಸಿ "ಇದನ್ನೇ ಹಾಕಿ" ಅಂದಿದ್ದಾರೆ. ಅದರಲ್ಲಿ "ಆಡಳಿತಾತ್ಮಕ ಕಾರಣಗಳಿಂದ ಕಚೇರಿ ವೇಳೆಯನ್ನು ಮುಂದಿನ ತಿಂಗಳಿನಿಂದ ಪರಿಷ್ಕರಿಸಲಾಗಿದೆ, ಊಟದ ವಿರಾಮ 1.30ರಿಂದ 2.30, ಎಲ್ಲರೂ ಸಹಕರಿಸತಕ್ಕದ್ದು" ಅಂತ ಮಾತ್ರ ಉಂಟು. ನಮ್ಮಲ್ಲಿ ಕನ್ನಡದವರೂ ಇದ್ದಾರೆ, ಮಲಯಾಳದವರೂ ಇದ್ದಾರೆ. ಈಗಲೇ ಗುಸುಗುಸು ಶುರುವಾಗಿದೆ. ಏನು ಬದಲಾಗುತ್ತದೆ, ಯಾವಾಗಿನಿಂದ, ಯಾಕೆ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಬರೆಯುವುದು ಹೇಗೆ? ಕಾರಣ ಬರೆಯಲೇಬೇಕಾ?

ಉತ್ತರ:

ಆ ನಕಲನ್ನು ಹಾಗೆಯೇ ಗೋಡೆಗೆ ಅಂಟಿಸಬೇಡಿ. ಅದರ ಭಾಷೆಯನ್ನು ಆಮೇಲೆ ನೋಡೋಣ. ಮೊದಲಿಗೆ, ಅದರಲ್ಲಿರುವ ಊಟದ ಸಮಯವೇ ನಿಮ್ಮ ಶಾಖೆಗೆ ನಡೆಯುವುದಿಲ್ಲ.

ತಲಪಾಡಿಯ ಗಡಿ ದಾಟಿ ಕೇರಳಕ್ಕೆ ಬಂದರೆ ಕಾನೂನು ಬೇರೆ. ಮಂಗಳೂರಿನ ಆಫೀಸು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ದಿನಕ್ಕೆ 9 ಗಂಟೆಯವರೆಗೆ ದುಡಿಸಬಹುದು, ಬಿಡುವು ಕೊಡದೆ ಒಂದೇ ಸಲಕ್ಕೆ 5 ಗಂಟೆಯವರೆಗೆ ಕೂರಿಸಬಹುದು. ಬೆಳಗ್ಗೆ 8.30ರಿಂದ 1.30ಕ್ಕೆ ಸರಿಯಾಗಿ 5 ಗಂಟೆ. ಅವರ ಊಟದ ಸಮಯ 1.30ಕ್ಕೆ ಬಂದು ನಿಂತಿರುವುದು ಹಾಗಾಗಿಯೇ ಇರಬೇಕು. ಉಪ್ಪಳದಲ್ಲಿ ಕೂತ ನಿಮಗೆ ಅನ್ವಯವಾಗುವುದು 1960ರ ಕೇರಳದ ಕಾಯ್ದೆ. ಅದರ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಒಬ್ಬರನ್ನು ಒಂದೇ ಸಲಕ್ಕೆ 4 ಗಂಟೆಗಿಂತ ಹೆಚ್ಚು ದುಡಿಸಬಾರದು, ಅಷ್ಟಾದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ಬಂದದ್ದರಿಂದ ಹೋಗುವವರೆಗಿನ ಇಡೀ ದಿನ ಹತ್ತೂವರೆ ಗಂಟೆ ದಾಟಬಾರದು. ಮಂಗಳೂರಿನಲ್ಲಿ ಸರಿಯಾಗಿರುವ ಸುತ್ತೋಲೆ ನಿಮ್ಮ ಗೋಡೆಗೆ ಬಂದ ಕೂಡಲೇ ದಿನಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ತಪ್ಪುತ್ತದೆ. ಲೇಬರ್ ಆಫೀಸಿನವರು ಬಂದರೆ ಅದನ್ನು ಓದಿಯೇ ನೋಟಿಸು ಕೊಡಬಹುದು, ಯಾರ ಹೇಳಿಕೆಯೂ ಬೇಡ. ಗಡಿಯ ಆಚೆ ಹೆಡ್ ಆಫೀಸು, ಈಚೆ ಶಾಖೆ ಇರುವ ಸಂಸ್ಥೆಗಳಲ್ಲಿ ನಾನು ಹೆಚ್ಚು ಕಂಡ ಎಡವಟ್ಟು ಇದೇ.

ಸರಿಪಡಿಸುವುದು ಸುಲಭ. ಬಿಡುವನ್ನು 12.30ರಿಂದ 1.30ಕ್ಕೆ ತನ್ನಿ. ಆಗ ಬೆಳಗ್ಗೆ 8.30ರಿಂದ 12.30, ಮಧ್ಯಾಹ್ನ ಮೇಲೆ 1.30ರಿಂದ 5.30. ಎರಡೂ ಕಡೆ ನಾಲ್ಕು ನಾಲ್ಕು ಗಂಟೆ, ಒಟ್ಟು 8, ಬಿಡುವು ಸೇರಿ 9. ಇಷ್ಟು ಮಾಡಿದರೆ ಕಾನೂನಿನ ಕಡೆಯಿಂದ ತೊಂದರೆಯಿಲ್ಲ. ಹೆಡ್ ಆಫೀಸಿನವರು "ನಮ್ಮಲ್ಲಿ ನಡೆಯುತ್ತದೆ, ನಿಮ್ಮಲ್ಲಿ ಯಾಕೆ ಆಗುವುದಿಲ್ಲ" ಅಂದರೆ ಎರಡೂ ಕಾಯ್ದೆಗಳ ಈ ಅಂಕಿಗಳನ್ನು ಒಂದು ಮೇಲ್‌ನಲ್ಲಿ ಬರೆದು ಕಳಿಸಿ. ವಾದ ಮಾಡುವ ಕೆಲಸವೇ ಇರುವುದಿಲ್ಲ.

ಇದೇ ತಿದ್ದುಪಡಿಯಿಂದ ಇನ್ನೊಂದು ಗಂಟೂ ಬಿಚ್ಚಿಕೊಳ್ಳುತ್ತದೆ. ಶುಕ್ರವಾರ ಜುಮಾಕ್ಕೆ ಹೋಗುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ, ಉಪ್ಪಳದಲ್ಲಿ ಇಲ್ಲದಿರುವ ಆಫೀಸು ಯಾವುದು? 1.30ಕ್ಕೆ ಬಿಡುವು ಕೊಟ್ಟರೆ ಅಷ್ಟರಲ್ಲಿ ಮಸೀದಿಯಲ್ಲಿ ನಮಾಜು ಮುಗಿದಿರುತ್ತದೆ. ಸುತ್ತೋಲೆಯಲ್ಲಿ ಶುಕ್ರವಾರದ ಮಾತೇ ಇಲ್ಲದಿದ್ದರೆ ಮೊದಲ ಶುಕ್ರವಾರವೇ ನಾಲ್ಕು ಜನ 12.30ಕ್ಕೆ ಎದ್ದು ಹೋಗುತ್ತಾರೆ, ಉಳಿದವರು "ಅವರಿಗೆ ಹೇಗೆ, ನಮಗೆ ಹೇಗೆ" ಅಂತ ಶುರು ಮಾಡುತ್ತಾರೆ. ಈಗ ಬಾಯಿಮಾತಿನ ರೂಢಿಯಲ್ಲಿ ನಡೆಯುತ್ತಿರುವುದು ಹೊಸ ಕಾಗದ ಬಂದ ದಿನ ತಪ್ಪಾಗಿ ಕಾಣತೊಡಗುತ್ತದೆ. ಅದಕ್ಕೇ ಶುಕ್ರವಾರಕ್ಕೆ ಬೇರೆ ಸಾಲು ಬರೆಯಿರಿ: ಬಿಡುವು 12.30ರಿಂದ 2, ಕೆಲಸ ಮುಗಿಯುವುದು 6ಕ್ಕೆ. ಮಧ್ಯಾಹ್ನ ಮೇಲಿನ ಪಾಳಿ ಆಗಲೂ 4 ಗಂಟೆಯೇ, ಇಡೀ ದಿನ ಒಂಬತ್ತೂವರೆ ಗಂಟೆ, ಮಿತಿಯ ಒಳಗೇ ಇದೆ. ಇದನ್ನು ಎಲ್ಲರಿಗೂ ಒಂದೇ ನಿಯಮವಾಗಿ ಇಡಿ, ಯಾರು ಮಸೀದಿಗೆ ಹೋಗುತ್ತಾರೆ ಅಂತ ಪಟ್ಟಿ ಮಾಡಲು ಹೋಗಬೇಡಿ. ನಮ್ಮ ಶಾಲೆಗಳಲ್ಲಿ ಶುಕ್ರವಾರದ ದೀರ್ಘ ಬಿಡುವು ಎಲ್ಲ ಮಕ್ಕಳಿಗೂ ಸಿಗುತ್ತದೆ. 2025ರಲ್ಲಿ ಕೇರಳದ ಹೈಸ್ಕೂಲುಗಳ ಸಮಯ 9.45ರಿಂದ 4.15 ಆದಾಗಲೂ ಶುಕ್ರವಾರವನ್ನು ಅದರಿಂದ ಹೊರಗಿಟ್ಟೇ ಆದೇಶ ಬಂತು. ಊರಿಗೆ ಅಭ್ಯಾಸವಾದ ಕ್ರಮ, ಆಫೀಸಿಗೆ ತಂದರೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಎತ್ತಿದರೆ ಶುಕ್ರವಾರ ಅರ್ಧ ಗಂಟೆ ತಡವಾಗಿ ಮನೆಗೆ ಹೋಗಬೇಕಾದ್ದಕ್ಕೆ ಎತ್ತಿಯಾರು. ಅದು ನ್ಯಾಯವಾದ ಆಕ್ಷೇಪವೇ. ಬಸ್ಸಿನ ತೊಂದರೆ ಇರುವವರಿಗೆ 12.30ರಿಂದ 1.30ರ ಬಿಡುವು, 5.30ಕ್ಕೆ ಬಿಡುಗಡೆ ಅಂತ ಮೊದಲೇ ಬರೆದು ಕೇಳುವ ಅವಕಾಶ ಕೊಡಬಹುದು.

ಈಗ ಆ ನಕಲು ಮುಚ್ಚಿಟ್ಟಿರುವ ವಿಷಯಕ್ಕೆ ಬರೋಣ. ನಿಮ್ಮಲ್ಲಿ ನಡೆಯುತ್ತಿರುವ ಗುಸುಗುಸು ಇದೇ ಇರಬೇಕು ಅಂತ ನನ್ನ ಊಹೆ.

ಈಗ ನಿಮ್ಮದು ದಿನಕ್ಕೆ 7 ಗಂಟೆ, ಆರು ದಿನಕ್ಕೆ 42. ಹೊಸದರಲ್ಲಿ ಐದು ದಿನ ಎಂಟೆಂಟು ಗಂಟೆ ಅಂದರೆ 40, ಶನಿವಾರ 4, ಒಟ್ಟು 44. ವಾರಕ್ಕೆ ಎರಡು ಗಂಟೆ ಹೆಚ್ಚಾಯಿತು. "ವೇಳೆಯನ್ನು ಪರಿಷ್ಕರಿಸಲಾಗಿದೆ" ಅಂದರೆ ಓದುವವರಿಗೆ ಅನ್ನಿಸುವುದು ಗಡಿಯಾರ ಒಂದಿಷ್ಟು ಹಿಂದೆ ಹೋಯಿತು, ಅಷ್ಟೇ ಅಂತ. ಆದರೆ ಆ ದಿನ ಸಂಜೆಯೊಳಗೆ ಬಿಲ್ಲಿಂಗಿನಲ್ಲಿ ಕೂತವರು ಲೆಕ್ಕ ಹಾಕಿಯೇ ಹಾಕುತ್ತಾರೆ. ಲೆಕ್ಕ ಅವರ ಕೆಲಸವೇ ಅಲ್ಲವೇ! ಸುತ್ತೋಲೆ ಹೇಳದ್ದನ್ನು ಅವರೇ ಕಂಡುಹಿಡಿದರೆ ಅದರಲ್ಲಿನ ಉಳಿದ ಯಾವ ಮಾತನ್ನೂ ನಂಬುವುದಿಲ್ಲ. ಶನಿವಾರ ಅರ್ಧ ದಿನ ಸಿಗುವುದು ಅವರಿಗೆ ಲಾಭವೇ, ಆದರೆ ಎರಡು ಗಂಟೆಯನ್ನು ಅಡಗಿಸಿಟ್ಟದ್ದು ಗೊತ್ತಾದರೆ ಆ ಲಾಭವೂ ಕಣ್ಣಿಗೆ ಬೀಳುವುದಿಲ್ಲ. "ವಾರದ ಒಟ್ಟು ಕೆಲಸ 42 ಗಂಟೆಯಿಂದ 44 ಗಂಟೆಗೆ ಏರುತ್ತದೆ" ಅಂತ ನೀವೇ ಬರೆಯಿರಿ. ಅದರ ಪಕ್ಕದಲ್ಲೇ ಸಂಬಳ ಏನಾಗುತ್ತದೆ ಅಂತಲೂ ಬರೆಯಿರಿ. ಏನೂ ಹೆಚ್ಚಿಲ್ಲ ಅಂತಾದರೆ "ಸಂಬಳದಲ್ಲಿ ಬದಲಾವಣೆ ಇಲ್ಲ" ಅಂತ ನೇರವಾಗಿ ಹೇಳಿ.

ಬರೆಯುವ ಮೊದಲು ಮ್ಯಾನೇಜ್‌ಮೆಂಟಿನ ಮುಂದೆ ಒಂದು ಮಾತು ಇಡಬಹುದು. ಕೇರಳದಲ್ಲಿ ದಿನದ ಮಿತಿ 8 ಗಂಟೆ, ಅದರ ಮೇಲೆ ದುಡಿಸಿದ್ದಕ್ಕೆಲ್ಲ ಎರಡು ಪಟ್ಟು ಕೂಲಿಯ ಓವರ್‌ಟೈಮ್. ಈಗ ನಿಮ್ಮದು 7 ಗಂಟೆ ಆದ್ದರಿಂದ ಕೊನೆಯ ಗಿರಾಕಿಗಾಗಿ ಯಾರಾದರೂ ಕಾಲು ಗಂಟೆ ಹೆಚ್ಚು ಕೂತರೂ ಆ ಮಿತಿ ದಾಟುವುದಿಲ್ಲ. ಹೊಸ ಸಮಯ ಸರಿಯಾಗಿ 8ಕ್ಕೆ ಬಂದು ನಿಲ್ಲುತ್ತದೆ. 5.30ಕ್ಕೆ ಹೊರಡಬೇಕಾದವರನ್ನು ಲಾರಿ ಬರಲಿಲ್ಲ ಅಂತ 5.45ರವರೆಗೆ ನಿಲ್ಲಿಸಿದರೂ ಆ ಕಾಲು ಗಂಟೆ ಓವರ್‌ಟೈಮ್ ಆಗುತ್ತದೆ. ಸಂಜೆ 5ಕ್ಕೆ ಮುಗಿಸಿದರೆ ದಿನಕ್ಕೆ ಏಳೂವರೆ ಗಂಟೆ, ಶನಿವಾರದ 4 ಸೇರಿ ವಾರಕ್ಕೆ ನಲವತ್ತೊಂದೂವರೆ. ಈಗಿನದಕ್ಕಿಂತ ಅರ್ಧ ಗಂಟೆ ಮಾತ್ರ ಕಡಿಮೆ, ಮೇಲೆ ದಿನವೂ ಅರ್ಧ ಗಂಟೆಯ ಆಸರೆ ಉಳಿಯುತ್ತದೆ. ನನ್ನನ್ನು ಕೇಳಿದರೆ 5 ಗಂಟೆಯೇ ಒಳ್ಳೆಯದು. ಒಪ್ಪದಿದ್ದರೆ ಬಿಡಿ, 5.30 ಕಾನೂನುಬಾಹಿರವೇನೂ ಅಲ್ಲ.

ಕಾರಣದ ಬಗ್ಗೆ ಕೇಳಿದ್ದೀರಿ. ಬರೆಯಲೇಬೇಕು. ನಿಮ್ಮ ಪ್ರಶ್ನೆಯಲ್ಲಿ ಕಾರಣ ಏನೆಂದು ನೀವು ಹೇಳಿಲ್ಲ. ಅಂದರೆ ನಿಮಗೂ ಯಾರೂ ಹೇಳಿಲ್ಲ. "ಆಡಳಿತಾತ್ಮಕ ಕಾರಣ" ಅಂದರೆ "ಹೇಳುವುದಿಲ್ಲ" ಅಂತಲೇ ಜನ ಓದಿಕೊಳ್ಳುತ್ತಾರೆ. ಹೆಡ್ ಆಫೀಸಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: 10 ಗಂಟೆಗೆ ತೆರೆಯುವುದರಿಂದ ಈಗ ಏನು ಕೆಡುತ್ತಿದೆ? "ದಕ್ಷತೆ", "ಏಕರೂಪತೆ" ಅಂದರೆ ಬಿಡಬೇಡಿ, ಏನು ಕೆಡುತ್ತಿದೆ ಅಂತ ಇನ್ನೊಮ್ಮೆ ಕೇಳಿ. ನಿಮ್ಮಂಥ ವ್ಯಾಪಾರದಲ್ಲಿ ಉತ್ತರ ಬಹುಶಃ ಹೀಗಿರುತ್ತದೆ: ಮಂಗಳೂರಿನ ಗೋಡೌನಿನಿಂದ ಹೊರಟ ಲಾರಿ ಎಂಟೂವರೆಗೆಲ್ಲ ಉಪ್ಪಳಕ್ಕೆ ಬಂದು ನಿಲ್ಲುತ್ತದೆ, ಚಲನ್ ನೋಡಿ ಮಾಲು ಒಳಗೆ ತೆಗೆದುಕೊಳ್ಳುವವರು 10ರವರೆಗೆ ಇರುವುದಿಲ್ಲ, ಮಾಲು ಇಳಿಯದೆ ಬಾಯಾರು, ಪೈವಳಿಕೆ ಕಡೆಯ ಅಂಗಡಿಗಳಿಗೆ ಬೆಳಗಿನ ಡೆಲಿವರಿ ಹೊರಡುವುದಿಲ್ಲ. ಶನಿವಾರ ಮಧ್ಯಾಹ್ನ ಮೇಲೆ ಹೆಡ್ ಆಫೀಸಿಗೂ ಗೋಡೌನಿಗೂ ಬೀಗ, ಹಾಗಾಗಿ ನಿಮ್ಮಲ್ಲಿ ಕೂತು ಮಾಡುವುದು ಏನೂ ಇಲ್ಲ. ಇದು ಯಾರಿಗೂ ಅರ್ಥವಾಗುವ ಕಾರಣ. ಲಾರಿ ಡ್ರೈವರ್ ಒಂದೂವರೆ ಗಂಟೆ ಹೊರಗೆ ಚಾ ಕುಡಿಯುತ್ತ ಕೂರುವುದನ್ನು ನಿಮ್ಮವರು ದಿನಾ ನೋಡಿದ್ದಾರೆ.

ಕಾರಣ ಸಿಕ್ಕಿದ ಮೇಲೆ ಅದು ನಿಜವಾಗಿ ಹೊಂದುತ್ತದೆಯೇ ಅಂತ ನೋಡಿಕೊಳ್ಳಿ. ಮಾಲು ಇಳಿಸುವುದು ನಿಮ್ಮ ಆಫೀಸಿನವರಲ್ಲ, ಲೋಡಿಂಗ್‌ನವರು. ಅವರು ಎಂಟೂವರೆಗೆ ಬರುತ್ತಾರೆಯೇ ಅಂತ ಮೊದಲು ವಿಚಾರಿಸಿ. ಅವರು ಒಂಬತ್ತೂವರೆಗೆ ಬರುವುದಾದರೆ ಬಿಲ್ಲಿಂಗಿನವರನ್ನು ಎಂಟೂವರೆಗೆ ಕೂರಿಸಿ ಲಾಭವಿಲ್ಲ, ನಿಮ್ಮ ಸುತ್ತೋಲೆಯ ಕಾರಣ ಮೊದಲ ದಿನವೇ ಎಲ್ಲರ ಮುಂದೆ ಸುಳ್ಳಾಗುತ್ತದೆ. ಇನ್ನೊಂದು ಸಾಧ್ಯತೆಯೂ ಉಂಟು. ಕಾರಣ ಲಾರಿ ಮಾತ್ರ ಎಂದಾದರೆ ಮಾಲು ತೆಗೆದುಕೊಳ್ಳುವ ಇಬ್ಬರು ಬೇಗ ಬಂದರೆ ಸಾಕಲ್ಲ, ಅಕೌಂಟ್ಸಿನವರು ಯಾಕೆ? ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿರಲಿ, ಇಲ್ಲದಿದ್ದರೆ ಆ ಇಬ್ಬರ ಸಮಯವನ್ನು ಮಾತ್ರ ಬದಲಿಸಬಹುದೇ ಅಂತ ಮೇಲಿನವರನ್ನೇ ಕೇಳಿ.

ಯಾವಾಗಿನಿಂದ ಎಂಬುದಕ್ಕೆ "ಮುಂದಿನ ತಿಂಗಳಿನಿಂದ" ಸಾಲದು. ಕಾಗದ ತಿಂಗಳ ಕೊನೆಯಲ್ಲಿ ಹೊರಟು ಒಂದನೇ ತಾರೀಕಿನ ಮೇಲೆ ಕೈಗೆ ಸಿಕ್ಕಿದವರಿಗೆ "ಮುಂದಿನ ತಿಂಗಳು" ಬೇರೆಯೇ ಆಗಿರುತ್ತದೆ. ಓಣಂ ಕಳೆದ ಮೇಲೆ, ಚಿಙ್ಙಂ ಒಂದರಿಂದ ಅಂತೆಲ್ಲ ಮಾತಿನಲ್ಲಿ ಹೇಳುವುದು ಬೇರೆ, ಸುತ್ತೋಲೆಯಲ್ಲಿ ತಾರೀಕು, ತಿಂಗಳು, ಇಸವಿ, ವಾರ ನಾಲ್ಕೂ ಇರಬೇಕು. ವಾರವನ್ನೂ ಬರೆಯಿರಿ, ತಾರೀಕಿನಲ್ಲಿ ಅಂಕಿ ತಪ್ಪಿ ಬಿದ್ದರೆ ವಾರದಿಂದ ಗೊತ್ತಾಗುತ್ತದೆ. ಸೋಮವಾರವೇ ಶುರುಮಾಡಿ. ವಾರದ ನಡುವೆ ಬದಲಿಸಿದರೆ ಆ ವಾರದ ಗಂಟೆಗಳ ಲೆಕ್ಕ ಹರಿದು ಚಿಂದಿಯಾಗುತ್ತದೆ.

ಇಲ್ಲಿ ಕಾನೂನಿನ ಇನ್ನೊಂದು ಗೆರೆ ಉಂಟು. ಕೆಲಸದ ಗಂಟೆ, ಬಿಡುವಿನ ಸಮಯ ಬದಲಿಸುವುದಾದರೆ ಕೆಲಸಗಾರರಿಗೆ ಮೊದಲೇ ನೋಟಿಸು ಕೊಡಬೇಕು, ಕೊಟ್ಟ ಮೇಲೆ 21 ದಿನದವರೆಗೆ ಬದಲಾವಣೆ ಜಾರಿಗೆ ತರಬಾರದು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 9ಎ ಸೆಕ್ಷನ್ ಆಗಿ ಇದ್ದ ಈ ಮಾತು ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 40ನೆಯ ಸೆಕ್ಷನ್ ಆಗಿ ಉಳಿದಿದೆ. ಗುಮಾಸ್ತರೂ ಅದರ ವ್ಯಾಪ್ತಿಯ ಒಳಗೇ. ನಾನಾದರೆ ನಾಲ್ಕು ವಾರ ಇಡುತ್ತೇನೆ: ಸುತ್ತೋಲೆಯ ತಾರೀಕು 2026 ಆಗಸ್ಟ್ 10 ಸೋಮವಾರ, ಜಾರಿ ಸೆಪ್ಟೆಂಬರ್ 7 ಸೋಮವಾರ. ಕಾನೂನಿಗೆ ಬೇಕಾದ್ದಕ್ಕಿಂತ ಒಂದು ವಾರ ಹೆಚ್ಚು, ರಜೆಯಲ್ಲಿದ್ದವರು ಬಂದು ಓದಲಿಕ್ಕೂ ಸಮಯ ಸಿಗುತ್ತದೆ. ನಾಲ್ಕು ವಾರ ಬೇಕಾದ್ದು ಕಾನೂನಿಗೆ ಮಾತ್ರ ಅಲ್ಲ. ಕನ್ಯಾನ, ಬಾಯಾರಿನ ಒಳಗಿನಿಂದ ಬರುವವರು ಎಂಟೂವರೆಗೆ ಉಪ್ಪಳ ತಲುಪುವ ಬಸ್ಸು ಹುಡುಕಬೇಕು. ಮಕ್ಕಳನ್ನು ಶಾಲೆಗೆ ಹೊರಡಿಸಿ ಬರುವ ತಾಯಂದಿರಿಗೆ ಇದು ಇನ್ನೂ ಬಿಗಿ. 10 ಗಂಟೆಯ ಆಫೀಸಿಗೆ ಹೊಂದಿಸಿಕೊಂಡಿದ್ದ ಮನೆಯ ಬೆಳಗು ಪೂರ್ತಿ ಬದಲಾಗಬೇಕು.

ಈ ಸುತ್ತೋಲೆಯಲ್ಲಿ ನಿಜವಾಗಿ ಹೊತ್ತು ತೆಗೆದುಕೊಳ್ಳುವ ಕೆಲಸ ಒಂದು ಬಾಕಿ ಇದೆ. 10 ಗಂಟೆ ಎಂಬ ಒಂದು ಗೂಟಕ್ಕೆ ನಿಮ್ಮ ಆಫೀಸಿನಲ್ಲಿ ಎಷ್ಟೋ ಹಗ್ಗ ಕಟ್ಟಿಬಿಟ್ಟಿದ್ದೀರಿ. ಗೂಟ ಕಿತ್ತು ಬೇರೆ ಕಡೆ ನೆಟ್ಟರೆ ಆ ಹಗ್ಗಗಳೆಲ್ಲ ಎಳೆಯುತ್ತವೆ. 10.10ರವರೆಗೆ ಬಂದರೆ ಲೇಟ್ ಮಾರ್ಕ್ ಇಲ್ಲ ಅಂತ ಇದ್ದರೆ ಇನ್ನು 8.40ರವರೆಗೆ ಅಂತ ಬರೆಯಬೇಕು. ಬರೆಯದಿದ್ದರೆ ಆ ಹತ್ತು ನಿಮಿಷವನ್ನು ತೆಗೆದುಹಾಕಿದ್ದಾರೆ ಅಂತ ಅರ್ಧ ಜನ ಅಂದುಕೊಳ್ಳುತ್ತಾರೆ. ಅರ್ಧ ದಿನದ ರಜೆಯ ಗಡಿ ಈಗ 1 ಗಂಟೆ, ಇನ್ನು 12.30. ಕ್ಯಾಷ್ ಕೌಂಟರ್ ಈಗ 5ಕ್ಕೆ ಮುಚ್ಚುವುದಾದರೆ ಇನ್ನೆಷ್ಟಕ್ಕೆ? ಶುಕ್ರವಾರ ಎಷ್ಟಕ್ಕೆ? ಇವುಗಳಲ್ಲಿ ಹೆಚ್ಚಿನವು ಒಂದೊಂದು ಸಾಲಿನ ಉತ್ತರ.

ಒಂದು ಪ್ರಶ್ನೆ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ: ಶನಿವಾರ ರಜೆ ಹಾಕಿದರೆ ಒಂದು ರಜೆಯೇ, ಅರ್ಧ ರಜೆಯೇ? ಈವರೆಗೆ ಈ ಪ್ರಶ್ನೆ ಇರಲೇ ಇಲ್ಲ, ಶನಿವಾರ ಪೂರ್ತಿ ದಿನವಾಗಿತ್ತು. ಈಗ ಶನಿವಾರ 4 ಗಂಟೆ ಮಾತ್ರ. ಒಂದು ರಜೆ ಅಂತ ಹಿಡಿದರೆ 4 ಗಂಟೆಗೆ ಒಂದು ದಿನದ ರಜೆ ಕಳೆಯಬೇಕೇ ಅಂತ ಜನ ಕೇಳುತ್ತಾರೆ. ಅರ್ಧ ಅಂತ ಹಿಡಿದರೆ ಶನಿವಾರಗಳಂದು ರಜೆ ಹೆಚ್ಚುತ್ತದೆ ಅಂತ ಮ್ಯಾನೇಜರ್ ಹೆದರುತ್ತಾರೆ. ಉಳಿದ ದಿನದ ಅರ್ಧ ಪಾಳಿಯೂ 4 ಗಂಟೆಯೇ ಆದ್ದರಿಂದ ಅರ್ಧ ರಜೆ ಅನ್ನುವುದು ಲೆಕ್ಕಕ್ಕೆ ಸರಿ ಅಂತ ನನ್ನ ಅಭಿಪ್ರಾಯ. ಯಾವುದಾದರೂ ಒಂದನ್ನು ಮ್ಯಾನೇಜ್‌ಮೆಂಟು ತೀರ್ಮಾನಿಸಲಿ, ಆದರೆ ಸುತ್ತೋಲೆ ಹೊರಡುವ ಮೊದಲೇ ತೀರ್ಮಾನಿಸಲಿ. ಮೊದಲ ಶನಿವಾರ ಯಾರಾದರೂ ರಜೆ ಹಾಕಿದ ಮೇಲೆ ತೀರ್ಮಾನಿಸಿದರೆ ಅದು ಆ ಒಬ್ಬರ ವಿರುದ್ಧ ಮಾಡಿದ ನಿಯಮದ ಹಾಗೆ ಕಾಣುತ್ತದೆ.

ಎಲ್ಲರಿಗಿಂತ ಹೆಚ್ಚು ಬದಲಾವಣೆ ಆಗುವುದು ಸುತ್ತೋಲೆ ಓದದವರಿಗೆ. ಗುಡಿಸಿ ಒರೆಸಲು ಬರುವ ಅಕ್ಕ ಈಗ 9ಕ್ಕೆ ಬರುವುದಾದರೆ ಇನ್ನು ಏಳೂವರೆಗೆ ಬರಬೇಕು. ಆ ಹೊತ್ತಿಗೆ ಅವರಿಗೆ ಬೇರೆ ಮನೆಯ ಕೆಲಸ ಇರಬಹುದು. ಬೀಗದ ಕೈ ಯಾರ ಬಳಿ, ಅವರು ಏಳೂವರೆಗೆ ಬಂದು ತೆರೆಯುತ್ತಾರೆಯೇ? ಈ ಇಬ್ಬರೊಡನೆ ಸುತ್ತೋಲೆ ಟೈಪು ಮಾಡುವ ಮೊದಲೇ ಮಾತಾಡಿ, ತುಳುವಿನಲ್ಲೋ ಮಲಯಾಳದಲ್ಲೋ ಅವರಿಗೆ ಯಾವುದು ಬರುತ್ತದೋ ಅದರಲ್ಲಿ. ಅವರ ಕಡೆಯಿಂದ ಆಗುವುದಿಲ್ಲ ಅಂತ ಬಂದರೆ ನಿಮ್ಮ 8.30 ನಿಲ್ಲುವುದೇ ಇಲ್ಲ.

ಇಷ್ಟಾದ ಮೇಲೆ ಬರವಣಿಗೆ ಕಷ್ಟವಲ್ಲ. ಎಲ್ಲವೂ ಒಂದು ಪುಟದಲ್ಲಿ ಹಿಡಿಯುತ್ತದೆ. ಹೆಡ್ ಆಫೀಸು 5.30ಕ್ಕೇ ಗಟ್ಟಿ ನಿಂತಿದೆ, ಲಾರಿಯ ಕಾರಣ ನಿಜವೆಂದು ಖಾತ್ರಿಯಾಗಿದೆ, ಶನಿವಾರ ಅರ್ಧ ರಜೆ ಎಂದು ಒಪ್ಪಿದ್ದಾರೆ ಅಂತ ಇಟ್ಟುಕೊಂಡು ನಾನು ಬರೆದರೆ ಹೀಗಿರುತ್ತದೆ:

ತಾರೀಕು: 10-08-2026, ಸೋಮವಾರ

ವಿಷಯ: ಉಪ್ಪಳ ಶಾಖೆಯ ಕೆಲಸದ ಸಮಯ 07-09-2026, ಸೋಮವಾರದಿಂದ ಬದಲಾಗುತ್ತದೆ

ಉಪ್ಪಳ ಶಾಖೆಯ ಎಲ್ಲ ನೌಕರರಿಗೆ,

ಈಗಿನ ಸಮಯ: ಸೋಮವಾರದಿಂದ ಶನಿವಾರ, ಬೆಳಗ್ಗೆ 10ರಿಂದ ಸಂಜೆ 6, ಬಿಡುವು 1ರಿಂದ 2.

ಹೊಸ ಸಮಯ:
ಸೋಮವಾರದಿಂದ ಗುರುವಾರ: ಬೆಳಗ್ಗೆ 8.30ರಿಂದ ಸಂಜೆ 5.30, ಬಿಡುವು 12.30ರಿಂದ 1.30.
ಶುಕ್ರವಾರ: ಬೆಳಗ್ಗೆ 8.30ರಿಂದ ಸಂಜೆ 6, ಬಿಡುವು 12.30ರಿಂದ 2.
ಶನಿವಾರ: ಬೆಳಗ್ಗೆ 8.30ರಿಂದ ಮಧ್ಯಾಹ್ನ 12.30.
ಭಾನುವಾರ: ಈಗಿನಂತೆ ರಜೆ.

ಮಂಗಳೂರು ಗೋಡೌನಿನ ಲಾರಿ ಬೆಳಗ್ಗೆ 8.30ಕ್ಕೆ ನಮ್ಮಲ್ಲಿಗೆ ಬರುತ್ತದೆ. ನಾವು 10ಕ್ಕೆ ತೆರೆಯುವುದರಿಂದ ಮಾಲು ಇಳಿಸುವುದು, ಬಿಲ್ ಮಾಡುವುದು, ಅಂಗಡಿಗಳಿಗೆ ಕಳಿಸುವುದು ಎಲ್ಲವೂ ತಡವಾಗುತ್ತಿದೆ. ಶನಿವಾರ ಮಧ್ಯಾಹ್ನದ ಮೇಲೆ ಲಾರಿ ಇಲ್ಲ, ಹೆಡ್ ಆಫೀಸೂ ಇರುವುದಿಲ್ಲ. ಈ ಎರಡು ಕಾರಣಗಳಿಂದ ಸಮಯ ಬದಲಿಸಲಾಗಿದೆ.

ಇದರಿಂದ ವಾರದ ಒಟ್ಟು ಕೆಲಸ 42 ಗಂಟೆಯಿಂದ 44 ಗಂಟೆಗೆ ಏರುತ್ತದೆ. ಸಂಬಳದಲ್ಲಿ, ವರ್ಷದ ರಜೆಗಳ ಸಂಖ್ಯೆಯಲ್ಲಿ ಬದಲಾವಣೆ ಇಲ್ಲ. ದಿನಕ್ಕೆ 8 ಗಂಟೆ ಮೀರಿ ಕೆಲಸ ಮಾಡಬೇಕಾಗಿ ಬಂದರೆ ಓವರ್‌ಟೈಮ್ ಸಿಗುತ್ತದೆ.

8.40ರವರೆಗೆ ಬಂದರೆ ಲೇಟ್ ಮಾರ್ಕ್ ಇಲ್ಲ. ಸೆಪ್ಟೆಂಬರ್ 7ರಿಂದ 19ರವರೆಗೆ ಯಾರಿಗೂ ಲೇಟ್ ಮಾರ್ಕ್ ಹಾಕುವುದಿಲ್ಲ. ಅರ್ಧ ದಿನದ ರಜೆಯನ್ನು ಬಿಡುವಿನ ಮೊದಲಿನ ಅಥವಾ ನಂತರದ ಪಾಳಿಗೆ ಪಡೆಯಬಹುದು. ಶನಿವಾರದ ರಜೆ ಅರ್ಧ ದಿನವೆಂದು ಲೆಕ್ಕ.

ಹೊಸ ಸಮಯಕ್ಕೆ ಬರಲು ಬಸ್ಸಿನದೋ ಮನೆಯದೋ ತೊಂದರೆ ಇರುವವರು ಆಗಸ್ಟ್ 22, ಶನಿವಾರದೊಳಗೆ ಆಫೀಸಿನಲ್ಲಿ ಬರೆದು ಕೊಡಿ. ಆಗಸ್ಟ್ 31, ಸೋಮವಾರದೊಳಗೆ ಉತ್ತರ ಸಿಗುತ್ತದೆ.

ಇಷ್ಟೇ. ಕೆಳಗೆ ಶಾಖಾ ಮ್ಯಾನೇಜರ್ ಸಹಿ. "ಸಹಕರಿಸತಕ್ಕದ್ದು" ಬೇಡ. ಆ ಎರಡು ವಾರದ ಸಡಿಲಿಕೆಗೆ ಮ್ಯಾನೇಜ್‌ಮೆಂಟು ಮೂಗು ಮುರಿಯಬಹುದು. ಬಸ್ಸು ಯಾವುದು, ಮಳೆಗಾಲದಲ್ಲಿ ರಸ್ತೆಗೆ ಎಷ್ಟು ಹೊತ್ತು ಅಂತ ಜನ ಓಡಾಡಿ ನೋಡಿಯೇ ತಿಳಿಯಬೇಕು, ಅಷ್ಟರಲ್ಲಿ ನಾಲ್ಕು ಜನರ ಅರ್ಧ ದಿನ ಕತ್ತರಿಸಿದರೆ ಉಳಿಯುವುದು ಮೂರು ಕಾಸು. ಕೊನೆಯ ಸಾಲಿನ ಉತ್ತರದ ತಾರೀಕನ್ನು ಬಿಡಬೇಡಿ. ಬರೆದು ಕೊಡಿ ಅಂತ ಹೇಳಿ ಉತ್ತರ ಕೊಡದಿದ್ದರೆ ಕೇಳದೇ ಇದ್ದದ್ದಕ್ಕಿಂತ ಕೆಟ್ಟದು.

ಮಲಯಾಳದ ಪ್ರತಿಯನ್ನು ಬೇರೆಯವರು ಬರೆಯುತ್ತಾರೆ ಅಂತ ಕಾಣುತ್ತದೆ. ಮೊದಲು ಸಮಯದ ಆ ನಾಲ್ಕು ಸಾಲು ಮತ್ತು ತಾರೀಕುಗಳನ್ನು ಅಂಕಿಗಳಲ್ಲೇ ಎರಡಕ್ಕೂ ಹಾಕಿ, ಉಳಿದದ್ದನ್ನು ಆಮೇಲೆ ಬರೆಯಲಿ. ಎರಡೂ ಸಿದ್ಧವಾದ ಮೇಲೆ ಮಲಯಾಳ ಓದಬಲ್ಲ ಇನ್ನೊಬ್ಬರನ್ನು ಕೂರಿಸಿ ಅಂಕಿಗಳನ್ನು ಮಾತ್ರ ಗಟ್ಟಿಯಾಗಿ ಓದಿಸಿ, ನೀವು ಕನ್ನಡದ ಹಾಳೆಯಲ್ಲಿ ಬೆರಳಿಟ್ಟು ನೋಡುತ್ತ ಹೋಗಿ. ಸಾಮಾನ್ಯವಾಗಿ ತಪ್ಪು ಸಿಗುವುದು ಶುಕ್ರವಾರದ ಸಾಲಿನಲ್ಲಿ, ಮೇಲಿನ ಸಾಲನ್ನು ನಕಲು ಮಾಡಿ ಅಂಕಿ ತಿದ್ದಲು ಮರೆತಿರುತ್ತಾರೆ. ಎರಡೂ ಪ್ರತಿ ಒಂದೇ ದಿನ, ಒಂದೇ ಹೊತ್ತಿಗೆ, ಅಕ್ಕಪಕ್ಕ ಹಾಕಿ. ಒಂದು ಭಾಷೆಯದು ಎರಡು ದಿನ ತಡವಾದರೆ 21 ದಿನದ ಲೆಕ್ಕ ಯಾರಿಗೆ ಎಂದಿನಿಂದ ಎಂಬ ತಕರಾರು ಹುಟ್ಟುತ್ತದೆ.

ಸಹಿ ತೆಗೆದುಕೊಳ್ಳುವಾಗ ಹಾಳೆಯ ಮೇಲೆ "ಸುತ್ತೋಲೆಯ ಪ್ರತಿ ಸಿಕ್ಕಿದೆ" ಅಂತ ಬರೆಯಿರಿ, "ಒಪ್ಪಿದ್ದೇನೆ" ಅಂತ ಬೇಡ. ಒಪ್ಪಿಗೆ ಅಂತ ಬರೆದರೆ ಎರಡು ಗಂಟೆ ಹೆಚ್ಚಾದದ್ದಕ್ಕೆ ಬೇಸರ ಇರುವವರು ಸಹಿ ಹಾಕುವುದಿಲ್ಲ, ಆಗ ಅವರಿಗೆ ವಿಷಯ ತಿಳಿಸಿದ್ದಕ್ಕೂ ನಿಮ್ಮಲ್ಲಿ ದಾಖಲೆ ಇರುವುದಿಲ್ಲ. ರಜೆಯಲ್ಲಿರುವವರಿಗೆ ವಾಟ್ಸಾಪಿನಲ್ಲಿ ಎರಡೂ ಪ್ರತಿಯ ಫೋಟೋ ಕಳಿಸಿ, ಅವರು ಬಂದ ದಿನ ಸಹಿ ತೆಗೆದುಕೊಳ್ಳಿ.

ಸೆಪ್ಟೆಂಬರ್ 5ರ ಶನಿವಾರ ಸಂಜೆ, ಬೀಗ ಹಾಕುವ ಮೊದಲು, ಎರಡು ಕೆಲಸ ಬಾಕಿ ಇರುತ್ತದೆ. ಕೆಲಸದ ಸಮಯ, ಬಿಡುವು, ವಾರದ ರಜೆ ಬರೆದು ಗೋಡೆಗೆ ಹಾಕಿರುವ ಹಳೆಯ ಬೋರ್ಡನ್ನು ತೆಗೆದು ಹೊಸದನ್ನು ಹಾಕಿ. ಪಂಚಿಂಗ್ ಯಂತ್ರದಲ್ಲಿ ಶಿಫ್ಟಿನ ಸಮಯ ಬದಲಿಸಲು ಅದನ್ನು ಹಾಕಿಕೊಟ್ಟವರನ್ನು ಆ ದಿನಕ್ಕೇ ಕರೆಸಿಕೊಳ್ಳಿ. ಶುಕ್ರವಾರಕ್ಕೂ ಶನಿವಾರಕ್ಕೂ ಬೇರೆ ಬೇರೆ ಶಿಫ್ಟ್ ಕೊಡಲು ಬರುತ್ತದೆಯೇ ಅಂತ ಫೋನಿನಲ್ಲೇ ಕೇಳಿಡಿ. ಇದನ್ನು ಬಿಟ್ಟರೆ ಸೋಮವಾರ ಎಂಟೂವರೆಗೆ ಬಂದು ಐದೂವರೆಗೆ ಹೋದವರೆಲ್ಲ ಯಂತ್ರದ ಲೆಕ್ಕದಲ್ಲಿ ಅರ್ಧ ಗಂಟೆ ಮೊದಲೇ ಹೋದವರಾಗುತ್ತಾರೆ, ತಿಂಗಳ ಕೊನೆಯಲ್ಲಿ ಆ ಪಟ್ಟಿಯನ್ನು ಒಂದೊಂದಾಗಿ ತಿದ್ದುತ್ತ ಕೂರುವವರು ನೀವೇ.